ರಜೆಯ ನಸುಕಿನಲ್ಲಿ ಕುಸಿದ ಚಿನ್ನದ ದರ

ಪ್ರಶ್ನೆ: ಉಡುಪಿಯಲ್ಲಿ ಮಗಳ ಮದುವೆಗೆ ಚಿನ್ನ ಕೊಳ್ಳಬೇಕಿದೆ. ನಸುಕಿನಲ್ಲಿ ಮೊಬೈಲಿನಲ್ಲಿ ದರ ದಿಢೀರನೆ ಬಿದ್ದರೆ ನಂಬಬಹುದೇ?

ಆ ಗಳಿಗೆಯ ಅಂಕಿಯನ್ನು ಖಂಡಿತ ನಂಬಬೇಡಿ. 2021ರ ಆಗಸ್ಟ್ 9ರಂದು ಜಪಾನ್, ಸಿಂಗಪುರ ಎರಡಕ್ಕೂ ರಜೆ. ನಮ್ಮಲ್ಲಿ ಇನ್ನೂ ಬೆಳಕು ಹರಿಯುವ ಮೊದಲೇ, ಔನ್ಸಿಗೆ ಸುಮಾರು 1,760 ಡಾಲರ್ ಇದ್ದ ಚಿನ್ನ ಕೆಲವೇ ನಿಮಿಷಗಳಲ್ಲಿ 1,690ರ ಕೆಳಗಿಳಿಯಿತು. ಹಿಂದಿನ ಶುಕ್ರವಾರದ ಅಮೆರಿಕದ ಉದ್ಯೋಗ ವರದಿಯಿಂದ ಬೆಲೆ ಮೊದಲೇ ಸೊರಗಿತ್ತು, ನಿಜ. ಆದರೆ ಹೀಗೆ ರಜೆಯಿಂದಾಗಿ ಕೊಳ್ಳುವವರು ವಿರಳವಾಗಿರುವಾಗ ದೊಡ್ಡ ಮಾರಾಟವೊಂದು ಇದ್ದಬದ್ದ ಖರೀದಿ ಆರ್ಡರುಗಳನ್ನೆಲ್ಲ ನುಂಗಿ ಕೆಳಗಿನ ದರಕ್ಕೆ ಜಾರುತ್ತದೆ. ಬೆಲೆ ಇಷ್ಟಕ್ಕಿಳಿದರೆ ಮಾರಿಬಿಡಿ ಎಂದು ಮೊದಲೇ ಕೊಟ್ಟಿಟ್ಟು ಅಲ್ಲಿ ಕಾದಿರುವ ಸ್ಟಾಪ್‌ಲಾಸ್ ಆರ್ಡರುಗಳು ತಾವಾಗಿಯೇ ಜಾರಿಯಾಗಿ ಬೆಲೆಯನ್ನು ಮತ್ತೂ ತಳ್ಳುತ್ತವೆ. ಅಂದು ನಮ್ಮ ಸರಕು ವಿನಿಮಯ ಕೇಂದ್ರವಾದ ಎಂಸಿಎಕ್ಸ್ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುವಷ್ಟರಲ್ಲಿ ಬೆಲೆ 1,740ರ ಆಸುಪಾಸಿಗೆ ಮರಳಿತ್ತು. ಆ ತಳದ ದರಕ್ಕೆ ಉಡುಪಿಯ ಯಾವ ಅಂಗಡಿಯಲ್ಲೂ ಬಳೆ ಸಿಗುವಂತಿರಲಿಲ್ಲ. ಮಧ್ಯಾಹ್ನ ಲಂಡನ್ ವಹಿವಾಟು ತುಂಬಿಕೊಂಡ ಮೇಲೂ ಬೆಲೆ ಕೆಳಗೇ ನಿಂತರೆ ಆಗ ಇಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.