20ರ ಮೇಲೆ 10 ಅಂದರೆ 30 ಅಲ್ವಾ?

"ಮಡಿಕೇರಿಯಲ್ಲಿ ಮಳೆಗಾಲಕ್ಕೆ 4,000 ರೂಪಾಯಿಯ ಜಾಕೆಟ್ ತಗೊಂಡೆ. 20% ರಿಯಾಯಿತಿ, ಅದರ ಮೇಲೆ ಇನ್ನೂ 10% ಅಂದ್ರು. 2,800 ಆಗಬೇಕಿತ್ತು, 2,880 ತಗೊಂಡಿದ್ದಾರೆ. ಮೋಸ ಹೋದ್ನಾ?"

ಇಲ್ಲ ಸರ್, ಬಿಲ್ ಸರಿಯಾಗಿಯೇ ಇದೆ. ಮೊದಲ 20% ಲೆಕ್ಕ 4,000ದ ಮೇಲೆ. 800 ಹೋಯಿತು, 3,200 ಉಳಿಯಿತು. ಎರಡನೇ 10% ಈ 3,200ರ ಮೇಲೆ, 4,000ದ ಮೇಲೆ ಅಲ್ಲ. ಹಾಗಾಗಿ 320 ಕಳೆದು 2,880. ನಿಮಗೆ ಸಿಕ್ಕಿದ್ದು ಒಟ್ಟು 28%.

ನೀವು ಹುಡುಕುತ್ತಿರುವ ಆ 80 ರೂಪಾಯಿ ಎಲ್ಲಿ ಹೋಯಿತು ಅಂದರೆ, ಅದು ಮೊದಲೇ ಕಳೆದ 800ರ 10%. ಆ 800 ನೀವು ಕೊಡಬೇಕಾದ ಹಣದಲ್ಲಿ ಇಲ್ಲವೇ ಇಲ್ಲ. ಇಲ್ಲದ ಹಣಕ್ಕೆ ಮತ್ತೆ ರಿಯಾಯಿತಿ ಹೇಗೆ ಸಿಗುತ್ತದೆ?

ಮೊದಲು 10% ಕಳೆದಿದ್ದರೆ ಏನಾದರೂ ಉಳಿಯುತ್ತಿತ್ತಾ ಅಂತ ಅನ್ನಿಸಬಹುದು. ಮಾಡಿ ನೋಡಿ: 4,000ದಲ್ಲಿ 400 ಹೋಗಿ 3,600. ಅದರ 20% ಅಂದರೆ 720. ಮತ್ತೆ ಅದೇ 2,880! ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಲು ಕಳೆಯುವುದನ್ನು ಬಿಟ್ಟು, ಉಳಿಯುವುದನ್ನು ಗುಣಿಸಿ. 0.8 × 0.9 = 0.72, ಅಂದರೆ ಬೆಲೆಯ 72% ಕೊಡಬೇಕು. ಪೂರ್ತಿ 30% ಆಗಬೇಕಿದ್ದರೆ ಎರಡನೇ ರಿಯಾಯಿತಿ 12.5% ಇರಬೇಕಿತ್ತು.

ಒಂದು ಮಾತ್ರ ನೋಡಿಕೊಳ್ಳಿ. ಬೋರ್ಡ್‌ನಲ್ಲಿ "20% + 10%" ಅಂತ ಇದ್ದರೆ ತಕರಾರು ಮಾಡುವಂಥದ್ದೇನಿಲ್ಲ. "ಒಟ್ಟು 30%" ಅಂತ ಬರೆದು 2,880 ತಗೊಂಡಿದ್ದರೆ, ಬಿಲ್ ಹಿಡಿದು ಹೋಗಿ ಆ 80 ರೂಪಾಯಿ ಕೇಳಿ.