ಆಫೀಸಿನ ಜೋಕ್ ಮಾಸ್ಟರ್ ಈ ತಿಂಗಳು ರಿಟೈರ್ ಆಗ್ತಿದ್ದಾರೆ. ಬೀಳ್ಕೊಡುಗೆಯಲ್ಲಿ ನೋವಾಗದ ಹಾಗೆ ಅವರ ಕಾಲೆಳೆಯೋದು ಹೇಗೆ?

ಎಳೆಯಲೇಬೇಡಿ. ನಾನು ಎಳೆದು ಅನುಭವಿಸಿದ್ದೇನೆ.

ನಮ್ಮದು ಸರ್ಕಾರಿ ಕಚೇರಿ. ಅಲ್ಲಿದ್ದ ಒಬ್ಬ ಎಫ್‌ಡಿಎ ಗುಮಾಸ್ತರ ಟೇಬಲ್ಲಿಗೆ ಟೀ ಹೊತ್ತಿನಲ್ಲಿ ಬೇರೆ ಸೆಕ್ಷನ್‌ನವರೂ ಲೋಟ ಹಿಡಿದು ಬರುತ್ತಿದ್ದರು. ಬಡ್ತಿಗೆ ಬೇಕಾದ ಕೆಪಿಎಸ್‌ಸಿಯ ಇಲಾಖಾ ಪರೀಕ್ಷೆಗಳಲ್ಲಿ ಅಕೌಂಟ್ಸ್ ಹೈಯರ್ ಒಂದು ಅವರಿಗೆ ಕೊನೆವರೆಗೂ ಒಲಿಯಲಿಲ್ಲ. ಅದನ್ನೂ ನಗೆ ಮಾಡಿಕೊಂಡಿದ್ದರು: "ಆ ಪರೀಕ್ಷೆಗೂ ನನಗೂ ಏಳು ಜನ್ಮದ ನಂಟು ಕಣ್ರೀ, ಪಾಸಾಗಿ ಅದನ್ನ ಮುರಿಯೋಕೆ ಮನಸ್ಸು ಬರಲ್ಲ."

ಅವರ ಬೀಳ್ಕೊಡುಗೆಯ ದಿನ ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅನಿಸಿಕೆ ಹೇಳಲು ನಾನು ಎದ್ದವನು ಮೈಕ್ ಹಿಡಿದು ಇದೇ ಏಳು ಜನ್ಮದ ಜೋಕನ್ನು ಬಿಟ್ಟೆ. ಸಭೆ ನಕ್ಕಿತು, ಅವರೂ ನಕ್ಕರು. ಆದರೆ ಮಾತು ಶುರು ಮಾಡಿದರೆ ಅರ್ಧ ಗಂಟೆ ನಿಲ್ಲಿಸದ ಮನುಷ್ಯ, ತಮ್ಮ ಸರದಿ ಬಂದಾಗ "ಎಲ್ಲರಿಗೂ ನಮಸ್ಕಾರ, ಎಲ್ಲರೂ ಚೆನ್ನಾಗಿರಿ" ಎಂದು ಕೂತುಬಿಟ್ಟರು.

ಅವರದೇ ಜೋಕ್ ತಾನೇ, ಎಂದು ಆಮೇಲೆ ಎಷ್ಟೋ ದಿನ ವಾದ ಮಾಡಿಕೊಂಡೆ. ಎಡವಟ್ಟು ಇದ್ದದ್ದು ಅಲ್ಲೇ. ಟೀ ಟೇಬಲ್ಲಿನಲ್ಲಿ ಕೇಳುತ್ತಿದ್ದವರಲ್ಲಿ ಅರ್ಧ ಜನ ಅದೇ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವರು. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ಮಗಳು, ಹೊಸ ಬೀಗರು. ಜೋಕನ್ನು ಅವರೇ ಹೇಳುವಾಗ ಎಲ್ಲಿ ನಿಲ್ಲಿಸಬೇಕೆಂಬುದು ಅವರ ಕೈಲಿತ್ತು. ಮೈಕ್ ಮುಂದೆ ಅದು ನನ್ನ ಕೈಗೆ ಬಂತು. ಎಲ್ಲಕ್ಕಿಂತ ಮುಖ್ಯ, ನಾನು ಅವರಿಗಿಂತ ಜೂನಿಯರ್. ಆ ಪರೀಕ್ಷೆ ಪಾಸು ಮಾಡಿಕೊಂಡು ಸೂಪರಿಂಟೆಂಡೆಂಟ್ ಆಗಿ ಅವರ ಮೇಲೆ ಕೂತವನು. ಅವರ ಬಾಯಲ್ಲಿ ಸೋಲನ್ನು ಹಗುರ ಮಾಡಿಕೊಳ್ಳುವ ಮಾತು, ನನ್ನ ಬಾಯಲ್ಲಿ ಮೇಲಿನವನು ಕೆಳಗಿನವನಿಗೆ ಆಡಿದ ಮಾತಾಯಿತು. ತಮ್ಮ ಮೇಲೆ ತಾವೇ ಜೋಕ್ ಮಾಡಿಕೊಳ್ಳುವವರು ಅದನ್ನು ಆಡುವ ಹಕ್ಕನ್ನು ನಮಗೆ ಬರೆದುಕೊಟ್ಟಿರುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ದಾರಿ ಹಿಡಿದಿದೆ. ಜೋಕ್ ಮಾಡುವವರ ಬೀಳ್ಕೊಡುಗೆಯಲ್ಲಿ ಅವರ ಮೇಲೆ ಜೋಕ್ ಬೇಕಾಗಿಲ್ಲ. ಅವರು ನಮ್ಮ ಮೇಲೆ, ಆಫೀಸಿನ ಮೇಲೆ ಮಾಡಿದ್ದನ್ನು ಸಭೆಗೆ ಒಪ್ಪಿಸಿದರೆ ಸಾಕು. ಪೆಟ್ಟು ತಿಂದವರು ನಾವಾಗಿರಬೇಕು.

ನಮ್ಮ ಟೈಪಿಸ್ಟ್ ಮೇಡಂ ನಿವೃತ್ತರಾದಾಗ ಹಾಗೇ ಮಾಡಿದೆ. ವಾರ ಮುಂಚೆ ಪ್ರತಿ ಸೆಕ್ಷನ್‌ಗೂ ಹೋಗಿ "ಮೇಡಂ ನಿಮಗೆ ಹೇಳಿದ ಜೋಕ್ ಯಾವುದು?" ಎಂದು ಕೇಳಿ ಬರೆದುಕೊಂಡೆ. ಊಟ, ಸಂಬಳ, ಮೈಬಣ್ಣ, ಗಂಡನ ಮನೆ ಇವೆಲ್ಲ ಬಂದದ್ದನ್ನು ಹೊಡೆದುಹಾಕಿದೆ. ಪ್ರಿಂಟರ್‌ಗೆ "ಸಾಹೇಬ್ರು" ಎಂದು ಹೆಸರಿಟ್ಟಿದ್ದರು, ಪೇಪರ್ ಇಡದೆ ಕೆಲಸ ಮಾಡಲ್ಲವಂತೆ. ಒಳ್ಳೇ ಜೋಕು, ಆದರೆ ಅಧ್ಯಕ್ಷತೆ ಸಾಹೇಬರದ್ದೇ. ಅದನ್ನೂ ಬಿಟ್ಟೆ. ಉಳಿದದ್ದನ್ನು ಅವರ ಮಗನಿಗೆ ಫೋನಿನಲ್ಲಿ ಓದಿ ಹೇಳಿದೆ. ಮನೆಯವರಿಗೆ ಇರಿಸುಮುರಿಸಾಗುವುದು ಯಾವುದೆಂದು ನಮಗೆ ತಿಳಿಯುವುದಿಲ್ಲ. ಕೊನೆಗೆ ಉಳಿದದ್ದು ಇಷ್ಟು:

"ನಾನು ಡ್ಯೂಟಿಗೆ ಸೇರಿದ ದಿನ ಮೇಡಂ ಹತ್ತಿರ ಹೋಗಿ, ಈ ಆಫೀಸಿಗೆ ಸೀನಿಯರ್ ಯಾರು ಅಂತ ಕೇಳಿದೆ. ಮೇಲೆ ಫ್ಯಾನ್ ತೋರಿಸಿ, 'ಅದೇನೇ. ಸದ್ದು ಜಾಸ್ತಿ, ಗಾಳಿ ಕಮ್ಮಿ' ಅಂದರು. ಆಮೇಲೆ ಒಂದು ದಿನ ಕಡತ ತಂದು, ಮೇಡಂ ಇದು ತುರ್ತು ಅಂದೆ. 'ಎಲ್ಲಿಡಲಿ ಹೇಳಪ್ಪ, ತುರ್ತಿನ ಮೇಲೋ ಅತಿ ತುರ್ತಿನ ಕೆಳಗೋ?' ಅಂದರು. ಆ ಕಡತ ಆವತ್ತೇ ಟೈಪ್ ಆಗಿ ನನ್ನ ಟೇಬಲ್ಲಿಗೆ ಬಂತು. ಅಲ್ಲಿಂದ ಮುಂದಕ್ಕೆ ಹೋಗೋಕೆ ಒಂದು ತಿಂಗಳು ಹಿಡೀತು, ಅದು ನನ್ನ ಕೈಚಳಕ. ನಾಳೆಯಿಂದ ಈ ರೂಮಿನಲ್ಲಿ ಬರೀ ಫ್ಯಾನ್ ಸದ್ದು."

ಗಮನಿಸಿ, ಮೂರೂ ಕಡೆ ನಗೆಗೆ ಸಿಕ್ಕಿದ್ದು ಫ್ಯಾನು, ಕಡತ, ನಾನು. ಮೇಡಂ ಚುರುಕಾಗಿ ಕೆಲಸ ಮಾಡುತ್ತಿದ್ದರು ಎಂಬುದನ್ನು ಹೊಗಳದೆಯೇ ಹೇಳಿದಂತಾಯಿತು. ಇದನ್ನು ನೋಡದೆ ಹೇಳುವಷ್ಟು ಕಲಿತುಕೊಳ್ಳಿ, ಚೀಟಿ ಓದಿದರೆ ಜೋಕ್ ಸಾಯುತ್ತದೆ. ಅವರ ದನಿ, ನಡಿಗೆ ಅನುಕರಿಸುವ ಗೋಜಿಗೂ ಹೋಗಬೇಡಿ. ಆಮೇಲೆ ನಿರೂಪಣೆ ಮಾಡುವವರಿಗೆ ಹೇಳಿ, ನಿಮ್ಮ ಮಾತಾದ ಕೂಡಲೇ ಸನ್ಮಾನಿತರಿಗೇ ಮೈಕ್ ಕೊಡಿಸಿ. ನಡುವೆ ಇನ್ನಿಬ್ಬರ ಭಾಷಣ ತುರುಕಿದರೆ ಅವರ ನಾಲಿಗೆಯ ತುದಿಯಲ್ಲಿದ್ದ ಉತ್ತರ ಆರಿಹೋಗುತ್ತದೆ.

ಮೇಡಂ ಪೇಟ ಸರಿಮಾಡಿಕೊಂಡು ಎದ್ದರು. "ಫ್ಯಾನ್ ಬಗ್ಗೆ ನಾನು ಹೇಳಿದ್ದು ತಪ್ಪು. ಅದಕ್ಕೆ ರೆಗ್ಯುಲೇಟರ್ ಆದರೂ ಇದೆ, ಈ ಸೂಪರಿಂಟೆಂಡೆಂಟರಿಗೆ ಇಲ್ಲ" ಎಂದು ಶುರು ಮಾಡಿದವರು ಮುಕ್ಕಾಲು ಗಂಟೆ ಮಾತಾಡಿದರು. ಊಟದ ಪಲಾವ್ ತಣ್ಣಗಾಗಿತ್ತು, ಅದರ ಚಿಂತೆ ಯಾರಿಗೂ ಇರಲಿಲ್ಲ.