ಭಾನುವಾರ ಸಂಜೆ 5 ಗಂಟೆಯ ಕಳವಳ

(ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.)

ಶಾರದಾ ಎಂದು ಕರೆಯೋಣ. ವಯಸ್ಸು 36, ಮನೆ ಕ್ಯಾತ್ಸಂದ್ರದ ಕಡೆ. ತುಮಕೂರಿನ ಹೊರವಲಯದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕವೊಂದರ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಸಲಹೆಗಾಗಿ ನನ್ನ ಬಳಿ ಬಂದ ಮೊದಲ ದಿನ ಅವರು ಕುರ್ಚಿಯ ಅಂಚಿನಲ್ಲಿ ಕುಳಿತು ಹೇಳಿದ್ದು ಇಷ್ಟು: "ಮೇಡಂ, ವಾರವಿಡೀ ಚೆನ್ನಾಗಿರುತ್ತೇನೆ. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತದೆ. ಮಕ್ಕಳು ಮಾತನಾಡಿಸಿದರೆ ರೇಗುತ್ತೇನೆ. ಸೋಮವಾರ ಎಂದರೆ ಅಷ್ಟು ಭಯ."

ಭಾನುವಾರದ ಸಂಜೆ ಮನಸ್ಸು ಭಾರವಾಗುವುದು ಅನೇಕರ ಅನುಭವ. ಹಾಗೆಂದು ಎಲ್ಲರಿಗೂ ಒಂದೇ ಕಾರಣವಿರುತ್ತದೆ ಎಂದುಕೊಂಡರೆ ದಾರಿ ತಪ್ಪುತ್ತೇವೆ. ಆದ್ದರಿಂದ ಮೊದಲು ಕಳವಳ ಆ ಸಂಜೆಗೆ ಸೀಮಿತವೇ, ಅಥವಾ ಇಡೀ ವಾರವೇ ಮಂಕಾಗಿದ್ದು ಭಾನುವಾರ ಬಿಡುವಿರುವುದರಿಂದ ಕಣ್ಣಿಗೆ ಬೀಳುತ್ತಿದೆಯೇ ಎಂದು ನೋಡಿದೆ. ಎರಡು ವಾರಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಊಟ ಸೇರದಿರುವುದು, ಬೆಳಗಿನ ಜಾವವೇ ಎಚ್ಚರವಾಗುವುದು, ಬದುಕುವುದೇ ಬೇಡ ಅನ್ನಿಸುವುದು ಇವೆಯೇ ಎಂದು ಒಂದೊಂದಾಗಿ ಕೇಳಿದೆ. ಯಾವುದೂ ಇರಲಿಲ್ಲ. ಇದ್ದಿದ್ದರೆ ಈ ಹುಡುಕಾಟವನ್ನು ಬದಿಗಿಟ್ಟು ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ. ಎದೆ ಬಡಿತವೂ ಹೆಚ್ಚುತ್ತದೆ ಎಂದಿದ್ದರಿಂದ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಎರಡೂ ಸರಿಯಾಗಿದ್ದವು.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ಹೇಳಲೇಬೇಕು. ಅವರು ಭಾನುವಾರ ಬೆಳಿಗ್ಗೆ ಎಂಟೂವರೆಗೆ ಏಳುತ್ತಿದ್ದರು, ಉಳಿದ ದಿನ ಐದೂವರೆಗೆ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ನಿದ್ದೆ, ಎದ್ದೊಡನೆ ಒಂದು ದೊಡ್ಡ ಲೋಟ ಕಾಫಿ. ಹೀಗಾದರೆ ರಾತ್ರಿ ನಿದ್ದೆ ಬರುವುದಿಲ್ಲ, ನಿದ್ದೆ ಬಾರದ ಮನಸ್ಸು ನಾಳೆಯ ಚಿಂತೆಗೆ ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಏಳುವ ಹೊತ್ತನ್ನು ಒಂದು ಗಂಟೆಗಿಂತ ಹೆಚ್ಚು ತಡಮಾಡಬೇಡಿ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು, ಎರಡು ಗಂಟೆಯ ನಂತರ ಕಾಫಿ ಬೇಡ ಎಂದೆ. ಸಲಹೆಯಲ್ಲಿ ದೋಷವಿರಲಿಲ್ಲ, ನಿದ್ದೆಯೂ ಸುಧಾರಿಸಿತು. ಆದರೆ ಎರಡು ಭಾನುವಾರ ಕಳೆದರೂ ಸಂಜೆಯ ಕಳವಳ ಒಂದಿಷ್ಟೂ ಕಡಿಮೆಯಾಗಲಿಲ್ಲ. ಕಾರಣವನ್ನು ಹುಡುಕುವ ಮೊದಲೇ ನಾನು ಪರಿಹಾರ ಕೊಟ್ಟುಬಿಟ್ಟಿದ್ದೆ.

ಆಮೇಲೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಭಾನುವಾರ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಗಂಟೆಗೊಮ್ಮೆ ನಾಲ್ಕೇ ವಿಷಯ ಬರೆಯಬೇಕು: ಗಂಟೆ ಎಷ್ಟು, ಏನು ಮಾಡುತ್ತಿದ್ದೆ, ಕಳವಳಕ್ಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂಕ, ಆ ಕ್ಷಣದಲ್ಲಿ ತಲೆಯಲ್ಲಿ ಓಡಿದ ಮಾತು ಯಾವುದು. ಕೊನೆಯದನ್ನು 'ಭಯವಾಯಿತು' ಎಂದು ಬರೆಯಬಾರದು. ಮನಸ್ಸಿನಲ್ಲಿ ಹೇಗೆ ಬಂತೋ ಹಾಗೆಯೇ ಬರೆಯಬೇಕು. ರಾತ್ರಿ ಕುಳಿತು ನೆನಪಿನಿಂದ ಬರೆದರೆ ಪ್ರಯೋಜನವಿಲ್ಲ, ಏಕೆಂದರೆ ಕೊನೆಯ ಗಂಟೆಯ ಸಂಕಟ ಇಡೀ ದಿನಕ್ಕೆ ಬಣ್ಣ ಬಳಿದಿರುತ್ತದೆ.

ಮೊದಲ ಪುಟ ಹೀಗಿತ್ತು. 2 ಗಂಟೆಗೆ ಎರಡು. 4 ಗಂಟೆಗೆ ಅತ್ತೆಯ ಜೊತೆ ಅವರೆಕಾಯಿ ಸುಲಿಯುವಾಗ ಮೂರು. 5 ಗಂಟೆಗೆ ಏಳು. 7 ಗಂಟೆಗೆ ಆರು. ಮಲಗುವಾಗ ಎಂಟು. ನನ್ನ ಕಣ್ಣು 4 ಮತ್ತು 5ರ ನಡುವೆ ನಿಂತಿತು. ಸೋಮವಾರ ಹತ್ತಿರವಾಗುತ್ತಿದೆ ಎಂಬುದಷ್ಟೇ ಕಾರಣವಾಗಿದ್ದರೆ ಅಂಕ ಮೆಲ್ಲನೆ ಏರಬೇಕಿತ್ತು. ಇಲ್ಲಿ ಒಂದೇ ಗಂಟೆಯಲ್ಲಿ ಮೂರರಿಂದ ಏಳಕ್ಕೆ ಜಿಗಿದಿದೆ. ಹೀಗೆ ಜಿಗಿದ ಕಡೆ ಏನೋ ನಡೆದಿರಲೇಬೇಕು. "ಆಗ ಏನಾಯಿತು?" ಎಂದರೆ, "ಏನೂ ಇಲ್ಲ ಮೇಡಂ, ಮೊಬೈಲ್ ನೋಡಿದೆ ಅಷ್ಟೆ" ಎಂದರು.

ಎರಡನೆಯ ಭಾನುವಾರ 5 ಗಂಟೆಗೆ ಬರೀ ಮೂರು. ಕಾರಣ ಅವರಿಗೂ ಗೊತ್ತಿರಲಿಲ್ಲ. ಮೂರನೆಯ ಭಾನುವಾರ ಮತ್ತೆ ಏಳು. ನಾಲ್ಕನೆಯದು ನಮ್ಮ ಪುಣ್ಯಕ್ಕೆ ಸಿಕ್ಕಿದ ಪರೀಕ್ಷೆ: ಮರುದಿನ ಸೋಮವಾರ ಹಬ್ಬದ ರಜೆ. ಸೋಮವಾರದ ಕೆಲಸವೇ ಕಾರಣವಾಗಿದ್ದರೆ ಕಳವಳ ಒಂದು ದಿನ ಮುಂದೆ ಸರಿದು ಸೋಮವಾರ ಸಂಜೆ ಬರಬೇಕಿತ್ತು. ಹಾಗಾಗಲಿಲ್ಲ. ಭಾನುವಾರ 5 ಗಂಟೆಗೇ ಬಂತು, ಏಳು ಅಂಕದೊಂದಿಗೆ. ಆ ಪುಟವನ್ನು ತೋರಿಸಿದಾಗ ಶಾರದಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಇದು ಸೋಮವಾರದ ಭಯವಲ್ಲವೇ?" ಎಂದು ಅವರೇ ಕೇಳಿದರು.

ಭಾನುವಾರ ಆ ಘಟಕದಲ್ಲಿ ಅರ್ಧ ಪಾಳಿ ಕೆಲಸ ನಡೆಯುತ್ತದೆ. ಮೇಲ್ವಿಚಾರಕರೊಬ್ಬರು ನಿಂತು ಲಾರಿಗೆ ಪೆಟ್ಟಿಗೆಗಳ ಕಟ್ಟುಗಳನ್ನು ತುಂಬಿಸುತ್ತಾರೆ. ಲಾರಿ ಹೊರಡುವುದು ನಾಲ್ಕೂವರೆಯ ಸುಮಾರಿಗೆ. ಹೊರಟ ಮೇಲೆ 'ಲೋಡ್ ಆಯಿತು' ಎಂಬ ಸಂದೇಶ ಕೆಲಸದ ವಾಟ್ಸ್ಆ್ಯಪ್ ಗುಂಪಿಗೆ ಬರುತ್ತದೆ. ಎರಡನೆಯ ಭಾನುವಾರ ಗಿರಾಕಿಯ ಲಾರಿಯೇ ಬಂದಿರಲಿಲ್ಲ. ಹಬ್ಬದ ಹಿಂದಿನ ಭಾನುವಾರ ಬಂದಿತ್ತು.

ಇಷ್ಟಾದರೂ ಲಾರಿ ಹೊರಟರೆ ಇವರಿಗೇಕೆ ಕಳವಳ ಎಂಬುದು ಉಳಿದೇ ಇತ್ತು. ಅದಕ್ಕೆ ಇನ್ನೊಂದು ವಿಧಾನ ಬಳಸಿದೆ. ಸೋಮವಾರದ ಬೆಳಗನ್ನು ಈಗ ನಡೆಯುತ್ತಿರುವಂತೆ ಹೇಳಿಸುವುದು. 'ಹೋಗುತ್ತೇನೆ, ಮಾಡುತ್ತೇನೆ' ಎಂದು ಒಟ್ಟಾರೆ ಹೇಳುವಂತಿಲ್ಲ. ಕಾಲಿಟ್ಟ ಕಡೆಯೆಲ್ಲ ನಿಂತು, ಎದುರಿಗಿರುವುದನ್ನು ಹೇಳಿ, ಅಂಕ ಕೊಡಬೇಕು. ಬಸ್ಸು ಹತ್ತುತ್ತಿದ್ದೇನೆ, ಮೂರು. ಗೇಟಿನಲ್ಲಿ ಹಾಜರಿ, ನಾಲ್ಕು. ಒಂಬತ್ತೂವರೆಯ ಸಭೆಯಲ್ಲಿ ಎಲ್ಲರೆದುರು ದಾಸ್ತಾನು ಓದುತ್ತಿದ್ದೇನೆ, ಐದು. ಸಭೆಯೇ ಮೂಲವಿರಬೇಕು ಎಂದು ನಾನು ಎಣಿಸಿದ್ದೆ, ಅದೂ ಅಲ್ಲ. ಸಭೆ ಮುಗಿದು ಮೇಜಿಗೆ ಬಂದು ದಾಸ್ತಾನು ರಿಜಿಸ್ಟರ್ ತೆರೆದು ಭಾನುವಾರದ ಸಾಲಿನ ಮುಂದೆ ಸಹಿ ಹಾಕುವಲ್ಲಿಗೆ ಬಂದಾಗ ಅವರ ಬಲಗೈ ಸೆರಗನ್ನು ಹಿಡಿದು ತಿರುಚುತ್ತಿತ್ತು. "ಒಂಬತ್ತು ಮೇಡಂ."

"ಸಹಿ ಹಾಕಿದರೆ ಏನಾಗುತ್ತದೆ?"

"ನಾನು ಎಣಿಸದೇ ಇರುವುದಕ್ಕೆ ನಾನು ಹೊಣೆಯಾಗುತ್ತೇನೆ."

ಎಂಟು ತಿಂಗಳ ಹಿಂದೆ 32 ಕಟ್ಟು ಕಡಿಮೆ ಬಂದಿತ್ತಂತೆ. ಸಹಿ ಇವರದ್ದೇ ಆದ್ದರಿಂದ ಇವರನ್ನೇ ಕರೆದು ಕೇಳಿದ್ದರು. ಸಂಬಳದಲ್ಲಿ ಹಿಡಿಯುತ್ತೇವೆ ಎಂದೂ ಹೇಳಿದ್ದರು. ಹಿಡಿಯಲಿಲ್ಲ, ಲೆಕ್ಕ ಆಮೇಲೆ ಸರಿಹೋಯಿತು, ಆದರೆ ಯಾರೂ ಇವರಿಗೆ 'ನಿಮ್ಮ ತಪ್ಪಿರಲಿಲ್ಲ' ಎಂದು ಹೇಳಲಿಲ್ಲ. ಸಂಜೆಯ ಕಳವಳ ಯಾವಾಗ ಶುರುವಾಯಿತು ಎಂದು ಕೇಳಿದಾಗ ಮೊದಲ ದಿನ ಅವರು ಹೇಳಿದ್ದು 'ಏಳೆಂಟು ತಿಂಗಳು' ಎಂದೇ. ಆಗ ನಾನು ಅದನ್ನು ಬರೆದುಕೊಂಡು ಮುಂದೆ ಹೋಗಿದ್ದೆ.

ಈಗ ಮೊಬೈಲಿನ ಪಾತ್ರವೂ ಸ್ಪಷ್ಟವಾಯಿತು. ಸಂದೇಶ ಬಂದ ಮೇಲೆ ಎಷ್ಟು ಕಟ್ಟು ಹೋಯಿತು ಎಂದು ಯಾರಾದರೂ ಬರೆದಿದ್ದಾರೆಯೇ ಎಂದು ಅವರು ರಾತ್ರಿಯವರೆಗೆ ಮತ್ತೆ ಮತ್ತೆ ನೋಡುತ್ತಿದ್ದರು. ನೋಡಿದಾಗ ಐದು ನಿಮಿಷ ಹಗುರ, ಆಮೇಲೆ ಮೊದಲಿಗಿಂತ ಹೆಚ್ಚು. ಆ ಐದು ನಿಮಿಷದ ಹಗುರವೇ ಮತ್ತೆ ನೋಡುವ ಚಟವನ್ನು ಸಾಕುತ್ತದೆ. ಗಂಡ ಒಮ್ಮೆ ಮನಸ್ಸು ಬೇರೆಡೆ ಹೋಗಲಿ ಎಂದು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿದ್ದರಂತೆ. ಬೆಟ್ಟದಲ್ಲಿ ಸಿಗ್ನಲ್ ಸಿಗದೆ ಅಂದಿನ ಸಂಜೆ ಇನ್ನೂ ಕೆಟ್ಟಿತ್ತು. ಆದ್ದರಿಂದ ಭಾನುವಾರವನ್ನು ತಿರುಗಾಟದಿಂದ ತುಂಬಿಸಿ ಎಂಬ ಸಲಹೆಯನ್ನು ನಾನು ಕೊಡಲಿಲ್ಲ.

ಉಸಿರಾಟದ ಅಭ್ಯಾಸ ಮಾಡಿ ಎಂದೂ ಹೇಳಲಿಲ್ಲ. ಎಣಿಸದ ಸರಕಿಗೆ ಸಹಿ ಹಾಕಲು ಹೆದರುವುದು ಸಹಜವಾದ ಎಚ್ಚರಿಕೆ, ಅದನ್ನು ಕಾಯಿಲೆ ಎಂದು ನೋಡಬಾರದು. ಮೊದಲು ಸಹಿಯ ವ್ಯವಸ್ಥೆ ಸರಿಯಾಗಬೇಕು, ಆಮೇಲೆ ಉಳಿದ ಭಯವನ್ನು ನೋಡೋಣ ಎಂದು ಮಾತಾಯಿತು. ಮ್ಯಾನೇಜರ್‌ಗೆ ಹೇಳಬೇಕಾದ ಮಾತನ್ನು ಇಬ್ಬರೂ ಕುಳಿತು ಬರೆದೆವು. ಅದರಲ್ಲಿ ದೂರು ಇರಬಾರದು, ಮೇಲ್ವಿಚಾರಕರ ಮೇಲೆ ಅನುಮಾನದ ನೆರಳೂ ಬೀಳಬಾರದು. ಕೊನೆಗೆ ಉಳಿದದ್ದು ಇದು: "ಸರ್, ಭಾನುವಾರದ ಎಣಿಕೆ ನನ್ನ ಎದುರಿನಲ್ಲಿ ಆಗುವುದಿಲ್ಲ. ಲೋಡ್ ಮಾಡಿಸಿದವರು ಚೀಟಿಗೆ ಸಹಿ ಹಾಕಲಿ, ನಾನು ಚೀಟಿ ನೋಡಿ ರಿಜಿಸ್ಟರ್‌ಗೆ ಏರಿಸಿ ನನ್ನ ಸಹಿ ಹಾಕುತ್ತೇನೆ. ಶನಿವಾರ ಹೊರಡುವ ಮುನ್ನ ಎಣಿಸಿ ಕೊಡಲು ಅರ್ಧ ಗಂಟೆ ಬೇಕು."

ನಾನು ಮ್ಯಾನೇಜರ್ ಆಗಿ ಕುಳಿತು ಅವರಿಂದ ಮೂರು ಸಲ ಹೇಳಿಸಿದೆ. ಬೇಕೆಂದೇ ಗಟ್ಟಿಯಾಗಿ, "ಇಷ್ಟು ವರ್ಷ ಇಲ್ಲದ್ದು ಈಗೇಕೆ?" ಎಂದೆ. ಮೊದಲ ಸಲ ಅವರು ಕ್ಷಮೆ ಕೇಳಿ ನಿಲ್ಲಿಸಿಬಿಟ್ಟರು. ಮೂರನೆಯ ಸಲ, "ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತೆಂದು ನಿಮಗೆ ಬೇಗ ಗೊತ್ತಾಗುತ್ತದೆ ಸರ್" ಎಂದರು. ಆ ವಾಕ್ಯ ನನ್ನದಲ್ಲ, ಅವರದೇ.

ನಿಜವಾದ ಮ್ಯಾನೇಜರ್ ಕೂಡ ಮೊದಲ ದಿನ ಅದನ್ನೇ ಕೇಳಿದರಂತೆ. ಒಂದು ವಾರ ಬಿಟ್ಟು ಮತ್ತೆ ಕೇಳಿದಾಗ ಚೀಟಿಯ ಸಹಿಗೆ ಒಪ್ಪಿದರು. ಶನಿವಾರದ ಅರ್ಧ ಗಂಟೆಗೆ ಒಪ್ಪಲಿಲ್ಲ. ಸಿಕ್ಕಿದ್ದು ಅರ್ಧ, ಆದರೆ ಮುಖ್ಯವಾದ ಅರ್ಧವೇ ಸಿಕ್ಕಿತ್ತು. ಎರಡನ್ನೂ ನಿರಾಕರಿಸಿದ್ದರೆ ತಮ್ಮ ಸಹಿಯ ಪಕ್ಕದಲ್ಲಿ 'ಮೇಲ್ವಿಚಾರಕರು ತಿಳಿಸಿದಂತೆ' ಎಂದು ಬರೆಯುವುದು ನಮ್ಮ ಮುಂದಿನ ಹೆಜ್ಜೆಯಾಗಿತ್ತು.

ಮೊಬೈಲಿಗೆ ಒಂದು ನಿಯಮ ಮಾಡಿಕೊಂಡೆವು. ಚೀಟಿಯ ಫೋಟೋವನ್ನು ಗುಂಪಿಗೆ ಹಾಕಲು ಮೇಲ್ವಿಚಾರಕರನ್ನು ಕೇಳಿಕೊಳ್ಳುವುದು. ಸಂಜೆ 7 ಗಂಟೆಗೆ ಒಂದೇ ಸಲ ನೋಡಿ, ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಫೋನನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಡುವುದು. ನೋಡದೇ ಇದ್ದಾಗ ಮೊದಲು ಕಳವಳ ಏರುತ್ತದೆ, ಅದು ಸೋಲಿನ ಗುರುತಲ್ಲ ಎಂದು ಮುಂಚೆಯೇ ಹೇಳಿದ್ದೆ. ಹಾಗೆಯೇ ಆಯಿತು. ಮೊದಲ ಭಾನುವಾರ 5 ಗಂಟೆಗೆ ಎಂಟಕ್ಕೆ ಹೋಯಿತು. ಫೋನ್ ಮುಟ್ಟದೆ ಮಗಳ ಜೊತೆ ಅಮಾನಿಕೆರೆಯ ಏರಿಯ ಮೇಲೆ ನಡೆದರು. ಆರೂವರೆಗೆ ಐದಕ್ಕೆ ತಾನಾಗಿಯೇ ಇಳಿಯಿತು. ನೋಡದಿದ್ದರೂ ಇಳಿಯುತ್ತದೆ ಎಂಬುದನ್ನು ಅವರು ಅಂದು ಮೊದಲ ಬಾರಿ ಕಂಡರು.

ಇದನ್ನು ಓದಿ ಯಾರಾದರೂ ನೋಟ್‌ಬುಕ್ ಹಿಡಿಯುವುದಾದರೆ ನಾಲ್ಕು ಭಾನುವಾರ ಬರೆಯಿರಿ. ಎರಡು ವಾರದಲ್ಲಿ ಹೋಲಿಸಲು ಸಾಲುವಷ್ಟು ಸಿಗುವುದಿಲ್ಲ. ರಜೆ ಬಂದ ವಾರ, ಮೇಲಧಿಕಾರಿ ಇಲ್ಲದ ವಾರ, ಏಕೋ ಹಗುರವಾಗಿದ್ದ ವಾರ, ಇವುಗಳ ಪುಟಗಳೇ ಹೆಚ್ಚು ಹೇಳುತ್ತವೆ. ಅಂಕ ಎಲ್ಲ ದಿನಗಳಲ್ಲೂ, ಎಲ್ಲ ಗಂಟೆಗಳಲ್ಲೂ ಆರೇಳರಲ್ಲೇ ನಿಂತಿದ್ದರೆ ಬರೆಯುವುದನ್ನು ಬಿಟ್ಟು ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಶಾರದಾ ಒಟ್ಟು ಒಂಬತ್ತು ಬಾರಿ ಬಂದರು. ಕೊನೆಯ ಭೇಟಿಯ ಹೊತ್ತಿಗೆ ಭಾನುವಾರ 5 ಗಂಟೆಯ ಅಂಕ ಮೂರಕ್ಕೆ ಬಂದಿತ್ತು. ಮಾರ್ಚ್ ಕೊನೆಯ ವಾರ್ಷಿಕ ದಾಸ್ತಾನು ಎಣಿಕೆಯನ್ನು ನೆನೆದರೆ ಮಾತ್ರ ಇನ್ನೂ ಆರು. ಅದು ಮುಗಿದ ಮೇಲಿನ ಮೊದಲ ಭಾನುವಾರದ ಪುಟವನ್ನು ತಂದು ತೋರಿಸಿ ಎಂದು ಹೇಳಿ ಕಳುಹಿಸಿದ್ದೇನೆ.